ಕಲರ್ ಸಾರ್ಟರ್ ಮಷೀನು, ಸವಕಳಿ ಮತ್ತು ಉಳಿದ ತೆರಿಗೆ

(ಕಲಬುರಗಿಯಲ್ಲಿ ಕೆಲವು ಬೇಳೆ ಮಿಲ್ ಮಾಲೀಕರು ಮತ್ತು ಬಿಕಾಂ ಓದುವ ಹುಡುಗರು ಸೇರಿದ್ದ ಒಂದು ಸಣ್ಣ ಸಭೆಯಲ್ಲಿ ಮಾತಾಡಿದ್ದು ಇದು. ಆಮೇಲೆ ಕೂತು ಬರೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ನಮಸ್ಕಾರ ಎಲ್ಲರಿಗೂ. ಫ್ಯಾನು ತಿರುಗುತ್ತಿದೆ, ಗಾಳಿ ಮಾತ್ರ ಬರುತ್ತಿಲ್ಲ, ಅದಕ್ಕೆ ಬೇಗ ಶುರು ಮಾಡುತ್ತೇನೆ.

ನಾನು ಬಹಳ ವರ್ಷ ಬ್ಯಾಂಕಿನ ಸಾಲದ ವಿಭಾಗದಲ್ಲಿ ಇದ್ದವನು. ಪ್ರಾಜೆಕ್ಟ್ ರಿಪೋರ್ಟ್ ಓದೋದೇ ನನ್ನ ಕೆಲಸವಾಗಿತ್ತು. ಬೇಳೆ ಮಿಲ್ಲಿನವು, ಆಯಿಲ್ ಮಿಲ್ಲಿನವು, ಶಹಾಬಾದ್ ಕಲ್ಲಿನ ಪಾಲಿಶ್ ಘಟಕದವು, ಎಲ್ಲ ತರದವು ಬರುತ್ತಿದ್ದವು. ಒಂದು ತಪ್ಪು ಮಾತ್ರ ಎಲ್ಲದರಲ್ಲೂ ಮತ್ತೆ ಮತ್ತೆ ಕಾಣುತ್ತಿತ್ತು: ಸವಕಳಿಯನ್ನು, ಅಂದರೆ ಮಷೀನು ಹಳೆಯದಾದಂತೆ ಬೆಲೆ ಇಳಿಯಿತು ಅಂತ ವರ್ಷವರ್ಷ ಬರೆಯುವ ಡಿಪ್ರಿಸಿಯೇಷನ್ನನ್ನು, ಎಲ್ಲಿ ಇಡಬೇಕು ಅನ್ನೋದು ಬರೆದವರಿಗೂ ಗೊತ್ತಿರುತ್ತಿರಲಿಲ್ಲ, ಓದುವವರಿಗೂ ಅಷ್ಟಕ್ಕಷ್ಟೇ. ನಿಜ ಹೇಳಬೇಕೆಂದರೆ, ಶುರುವಿನಲ್ಲಿ ನನಗೂ ಗೊತ್ತಿರಲಿಲ್ಲ. ಒಂದು ಒಳ್ಳೆ ಪ್ರಸ್ತಾವನೆಗೆ ನಾನೇ "ಗಿಟ್ಟಲ್ಲ" ಅಂತ ಷರಾ ಬರೆದು ವಾಪಸ್ ಕಳಿಸಿದ್ದೇನೆ. ಆ ಫೈಲನ್ನು ಇವತ್ತಿಗೂ ಮರೆತಿಲ್ಲ. ಇವತ್ತು ಹೇಳೋ ಲೆಕ್ಕ ಅದೇ ತರದ್ದು, ಅಂಕಿ ಮಾತ್ರ ಸುಲಭವಾಗಲಿ ಅಂತ ದುಂಡಗೆ ಮಾಡಿದ್ದೇನೆ.

ಒಬ್ಬ ಮಿಲ್ ಮಾಲೀಕರು. ಪಾಲುದಾರಿಕೆ ಸಂಸ್ಥೆ, ಅಣ್ಣ ತಮ್ಮ ಇಬ್ಬರು ಪಾಲುದಾರರು. ತೊಗರಿ ಒಡೆದು ಬೇಳೆ ಮಾಡುತ್ತಾರೆ. ಬೇಳೆಯಲ್ಲಿ ಕಪ್ಪು ಕಾಳು, ಸಿಪ್ಪೆ ಉಳಿದದ್ದು, ಬಣ್ಣ ಕೆಟ್ಟದ್ದು ಇದ್ದರೆ ದೂರದ ವ್ಯಾಪಾರಿಗಳು ರೇಟು ಇಳಿಸುತ್ತಾರೆ. ಅದಕ್ಕೆ ಕಲರ್ ಸಾರ್ಟರ್ ಹಾಕೋಣ ಅಂತ ವಿಚಾರ. ಕ್ಯಾಮೆರಾ ಒಂದೊಂದು ಕಾಳನ್ನೂ ನೋಡುತ್ತದೆ, ಬಣ್ಣ ಸರಿಯಿಲ್ಲದ್ದು ಕಂಡರೆ ಗಾಳಿ ಊದಿ ಪಕ್ಕಕ್ಕೆ ಹಾರಿಸುತ್ತದೆ. ಇಲ್ಲಿ ಕೂತವರಲ್ಲಿ ಅರ್ಧ ಜನರ ಮಿಲ್ಲಿನಲ್ಲಿ ಅದು ಇದ್ದೇ ಇದೆ, ನಾನು ವಿವರಿಸೋದು ಬೇಕಿಲ್ಲ.

ಮಷೀನು, ಕಂಪ್ರೆಸರ್, ಫೌಂಡೇಶನ್, ಫಿಟ್ಟಿಂಗ್ ಎಲ್ಲ ಸೇರಿ 40 ಲಕ್ಷ. ವರ್ಷಕ್ಕೆ 10,000 ಕ್ವಿಂಟಲ್ ಬೇಳೆ ಅದರಲ್ಲಿ ಹಾಯುತ್ತದೆ. ಕ್ವಿಂಟಲ್‌ಗೆ 150 ರೂಪಾಯಿ ಜಾಸ್ತಿ ಸಿಗುತ್ತದೆ ಅಂದುಕೊಳ್ಳಿ, ಅಲ್ಲಿಗೆ 15 ಲಕ್ಷ. ಅದರಲ್ಲಿ ಕರೆಂಟು, ಆಪರೇಟರ್ ಪಗಾರ, ರಿಪೇರಿ ಅಂತ 3 ಲಕ್ಷ ಹೋದರೆ ಉಳಿಯೋದು 12 ಲಕ್ಷ. ಐದು ವರ್ಷ ಓಡಿಸಿ, ಆಮೇಲೆ 10 ಲಕ್ಷಕ್ಕೆ ಮಾರುತ್ತಾರೆ. ಪಾಲುದಾರಿಕೆ ಸಂಸ್ಥೆಗೆ ಆದಾಯ ತೆರಿಗೆ 30 ಪರ್ಸೆಂಟ್. ಸೆಸ್ ಸೇರಿದರೆ 31.2 ಆಗುತ್ತದೆ, ಆದರೆ ಬೋರ್ಡಿನ ಮೇಲೆ 30 ಅಂತಲೇ ಬರೆಯುತ್ತೇನೆ. ತೆರಿಗೆ ಕಳೆದ ಮೇಲೆ ತಮ್ಮ ರೊಕ್ಕದ ಮೇಲೆ ವರ್ಷಕ್ಕೆ 12 ಪರ್ಸೆಂಟ್ ಆದರೂ ಹುಟ್ಟಬೇಕು ಅನ್ನೋದು ಅಣ್ಣತಮ್ಮಂದಿರ ಅಪೇಕ್ಷೆ.

ಪ್ರಶ್ನೆ ಒಂದೇ. ಮಷೀನು ತರಬೇಕೋ ಬೇಡವೋ?

ಆವತ್ತು ನನ್ನ ಮುಂದೆ ಬಂದ ರಿಪೋರ್ಟಿನಲ್ಲಿ ಹೀಗಿತ್ತು. ಮೊದಲ ವರ್ಷ ಆದಾಯ 12 ಲಕ್ಷ. ಸವಕಳಿ 6 ಲಕ್ಷ ಕಳೆದರು. ಉಳಿದ 6 ಲಕ್ಷಕ್ಕೆ 30 ಪರ್ಸೆಂಟ್ ತೆರಿಗೆ, 1.80 ಲಕ್ಷ. ನಿವ್ವಳ ಲಾಭ 4.20 ಲಕ್ಷ. ಇದನ್ನೇ "ವರ್ಷಕ್ಕೆ ಬರುವ ರೊಕ್ಕ" ಅಂತ ಬರೆದಿದ್ದರು. ಐದು ವರ್ಷ ಹೀಗೇ ಲೆಕ್ಕ ಹಾಕಿ, ಮುಂದೆ ಬರುವ ರೊಕ್ಕವನ್ನು ವರ್ಷಕ್ಕೆ 12 ಪರ್ಸೆಂಟಿನಂತೆ ಇವತ್ತಿನ ಬೆಲೆಗೆ ಇಳಿಸಿ, ಮಾರಿದ ದುಡ್ಡನ್ನೂ ಸೇರಿಸಿದರೆ 24 ಲಕ್ಷದ ಸುಮಾರಿಗೆ ಬರುತ್ತದೆ. ಹಾಕಿದ್ದು 40, ಬಂದದ್ದು 24. ಯಾರು ತರುತ್ತಾರೆ ಮಷೀನು?

ಇದರಲ್ಲಿ ತಪ್ಪು ಎಲ್ಲಿದೆ ಅಂತ ಮಾಲೀಕರೇ ನನ್ನ ಎದುರು ಕೂತು ತೋರಿಸಿದರು, ಅದೂ ಅವರಿಗೆ ಗೊತ್ತಿಲ್ಲದ ಹಾಗೆ. "ಸಾಹೇಬ್ರೆ, ಆ ಆರು ಲಕ್ಷ ಯಾರಿಗೆ ಕೊಟ್ಟೀವ್ರಿ ನಾವು?" ಅಂದರು. ಯಾರಿಗೂ ಇಲ್ಲ! ಆಪರೇಟರ್‌ಗೆ ಪಗಾರ ಕೊಟ್ಟಿದ್ದಾರೆ, ಕರೆಂಟ್ ಬಿಲ್ ಕಟ್ಟಿದ್ದಾರೆ, ತೆರಿಗೆ ಕಟ್ಟಿದ್ದಾರೆ. ಸವಕಳಿ ಅಂತ ಯಾರ ಕೈಗೂ ಚೆಕ್ ಕೊಟ್ಟಿಲ್ಲ. ಮಷೀನಿನ ರೊಕ್ಕ ಮೊದಲ ದಿನವೇ ಹೋಯಿತು, 40 ಲಕ್ಷ ಅಂತ ಒಮ್ಮೆ ಬರೆದಾಯಿತು. ಅದನ್ನೇ ಸವಕಳಿ ಹೆಸರಲ್ಲಿ ಮತ್ತೆ ವರ್ಷವರ್ಷ ಕಳೆದರೆ ಒಂದೇ ಖರ್ಚನ್ನು ಎರಡು ಸಲ ಕಳೆದ ಹಾಗೆ ಆಗುತ್ತದೆ.

ಸರಿ, ಹಾಗಾದರೆ ಸವಕಳಿಯನ್ನು ಪೂರ್ತಿ ಬಿಟ್ಟುಬಿಡೋಣ ಅಂತ ಅನ್ನಿಸುತ್ತದೆ, ಅಲ್ವಾ? ನಾನೂ ಅದನ್ನೇ ಮಾಡಿದೆ. ಎರಡನೇ ತಪ್ಪು ಅಲ್ಲಿಂದ ಶುರು, ಮತ್ತು ಇದು ಮೊದಲನೆಯದಕ್ಕಿಂತ ಮೋಸದ್ದು, ಯಾಕಂದರೆ ನೋಡೋಕೆ ಸರಿಯಾಗೇ ಕಾಣುತ್ತದೆ. 12 ಲಕ್ಷಕ್ಕೆ 30 ಪರ್ಸೆಂಟ್ ತೆರಿಗೆ, 3.60 ಲಕ್ಷ. ಕೈಗೆ ಉಳಿಯೋದು 8.40 ಲಕ್ಷ. ಐದು ವರ್ಷದ್ದು 12 ಪರ್ಸೆಂಟ್ ಲೆಕ್ಕದಲ್ಲಿ ಇವತ್ತಿನ ಬೆಲೆಗೆ ಇಳಿಸಿದರೆ 30.28 ಲಕ್ಷ. ಮಾರಿದ 10 ಲಕ್ಷದ ಇವತ್ತಿನ ಬೆಲೆ 5.67 ಲಕ್ಷ. ಒಟ್ಟು 35.95. ಇನ್ನೂ 4.05 ಲಕ್ಷ ಕಡಿಮೆಯೇ ಬಿತ್ತು. ಆ "ಗಿಟ್ಟಲ್ಲ" ಅನ್ನೋ ಷರಾ ಬರೆದದ್ದು ಈ ಲೆಕ್ಕ ನೋಡಿಯೇ.

ಆದರೆ ಮಿಲ್ಲಿನವರು ನಿಜವಾಗಿ 3.60 ಲಕ್ಷ ತೆರಿಗೆ ಕಟ್ಟುತ್ತಾರಾ? ಇಲ್ಲ. ಸಿಎ ರಿಟರ್ನ್ ಹಾಕುವಾಗ ಸವಕಳಿ ಕಳೆದೇ ಹಾಕುತ್ತಾರೆ. ತೆರಿಗೆ ಇಲಾಖೆಯ ಕಣ್ಣಲ್ಲಿ ಆ ವರ್ಷದ ಆದಾಯ 6 ಲಕ್ಷ ಮಾತ್ರ. ಕಟ್ಟೋದು 1.80 ಲಕ್ಷ. ಹಾಗಾಗಿ ಗಲ್ಲಾಪೆಟ್ಟಿಗೆಯಲ್ಲಿ ಉಳಿಯೋದು 12ರಲ್ಲಿ 1.80 ಕಳೆದು 10.20 ಲಕ್ಷ. 8.40 ಅಲ್ಲ, 4.20 ಅಂತೂ ಅಲ್ಲವೇ ಅಲ್ಲ. ಈ 10.20ಕ್ಕೂ 8.40ಕ್ಕೂ ನಡುವಿನ 1.80 ಲಕ್ಷ ಇದೆಯಲ್ಲ, ಅದಕ್ಕೇ ಟ್ಯಾಕ್ಸ್ ಶೀಲ್ಡ್ ಅನ್ನುತ್ತಾರೆ. ನಾನು ಸುಮ್ನೆ "ಉಳಿದ ತೆರಿಗೆ" ಅಂತೀನಿ. ಸವಕಳಿಯನ್ನು ತೆರಿಗೆ ದರದಿಂದ ಗುಣಿಸಿದರೆ ಅದು ಸಿಗುತ್ತದೆ: 6 ಲಕ್ಷದ 30 ಪರ್ಸೆಂಟ್.

ಎಕ್ಸೆಲ್‌ನಲ್ಲಿ ಮಾಡುವ ಹುಡುಗರಿಗೆ ಒಂದು ಸಾಲು ಬರೆದು ತೋರಿಸಿದೆ. B ಕಾಲಮ್ಮಿನಲ್ಲಿ ಸವಕಳಿಗೆ ಮುಂಚಿನ ಆದಾಯ, C ಕಾಲಮ್ಮಿನಲ್ಲಿ ಸವಕಳಿ:

```
=B2-(B2-C2)*30%
```

ಇದನ್ನು ಸ್ವಲ್ಪ ಹೊತ್ತು ನೋಡಿ. ಸವಕಳಿ, ಅಂದರೆ C2, ಬ್ರಾಕೆಟ್ಟಿನ ಒಳಗೆ ಮಾತ್ರ ಇದೆ. ಬ್ರಾಕೆಟ್ಟು ತೆರಿಗೆಯ ಲೆಕ್ಕ, ಹೊರಗಿನದು ರೊಕ್ಕದ ಲೆಕ್ಕ. ಯಾರದ್ದಾದರೂ ಶೀಟು ನಿಮ್ಮ ಕೈಗೆ ಬಂದರೆ ಮೊದಲು ಇದನ್ನೇ ಹುಡುಕಿ. C2 ಬ್ರಾಕೆಟ್ಟಿನ ಹೊರಗೆ ಒಂಟಿಯಾಗಿ ಮೈನಸ್ ಆಗಿ ಕೂತಿದ್ದರೆ ಮೊದಲನೇ ತಪ್ಪು, ಎಲ್ಲೂ ಇಲ್ಲದಿದ್ದರೆ ಎರಡನೆಯದು. ಕೆಲವರು ನಿವ್ವಳ ಲಾಭ ಬರೆದು ಅದಕ್ಕೆ ಸವಕಳಿಯನ್ನು ವಾಪಸ್ ಕೂಡಿಸುತ್ತಾರೆ, 4.20ಕ್ಕೆ 6 ಕೂಡಿಸಿದರೂ 10.20 ಬರುತ್ತದೆ. ಅದೂ ಸರಿಯೇ. ಆದರೆ ಹಾಗೆ ಕೂಡಿಸಿದ ಮೇಲೆ "ಉಳಿದ ತೆರಿಗೆ" ಅಂತ ಇನ್ನೊಂದು ಸಾಲು ಹಾಕಿ 1.80 ಮತ್ತೆ ಸೇರಿಸಿದ ರಿಪೋರ್ಟೂ ನೋಡಿದ್ದೇನೆ. ವಾಪಸ್ ಕೂಡಿಸಿದಾಗಲೇ ಅದು ಒಳಗೆ ಬಂದಾಯಿತು, ಎರಡು ದಾರಿಯಲ್ಲಿ ಒಂದನ್ನೇ ಹಿಡಿಯಬೇಕು.

ಈಗ ಐದು ವರ್ಷದ್ದು. ಮಷೀನರಿಗೆ ಆದಾಯ ತೆರಿಗೆಯಲ್ಲಿ ಸಾಮಾನ್ಯ ಸವಕಳಿ ದರ 15 ಪರ್ಸೆಂಟ್, ಅದೂ ಇಳಿಯುವ ಬಾಕಿಯ ಮೇಲೆ. ಮೊದಲ ವರ್ಷ 40 ಲಕ್ಷದ 15 ಪರ್ಸೆಂಟ್, ಮುಂದಿನ ವರ್ಷ ಉಳಿದ 34 ಲಕ್ಷದ 15 ಪರ್ಸೆಂಟ್, ಹೀಗೆ. ಬೋರ್ಡಿನ ಮೇಲೆ ಬರೆದದ್ದು ಇಷ್ಟು, ಎಲ್ಲ ರೂಪಾಯಿಯಲ್ಲಿ:

| ವರ್ಷ | ಸವಕಳಿ | ಉಳಿದ ತೆರಿಗೆ | ಕೈಗೆ ಬಂದ ರೊಕ್ಕ |
|---|---|---|---|
| 1 | 6,00,000 | 1,80,000 | 10,20,000 |
| 2 | 5,10,000 | 1,53,000 | 9,93,000 |
| 3 | 4,33,500 | 1,30,050 | 9,70,050 |
| 4 | 3,68,475 | 1,10,543 | 9,50,543 |
| 5 | 3,13,204 | 93,961 | 9,33,961 |

ಮೂರನೇ ಕಾಲಮ್ಮನ್ನು 12 ಪರ್ಸೆಂಟಿನಲ್ಲಿ ಇವತ್ತಿನ ಬೆಲೆಗೆ ಇಳಿಸಿದರೆ 4.99 ಲಕ್ಷ. ಆಗಲೇ 4.05 ಲಕ್ಷ ಕಡಿಮೆ ಬಿದ್ದಿತ್ತಲ್ಲ? ಈಗ 94,000 ರೂಪಾಯಿ ಮೇಲೆ ಬಂತು. ಮಷೀನು ಅದೇ, ಬೇಳೆ ಅದೇ, ರೇಟು ಅದೇ. ಬದಲಾದದ್ದು ಸವಕಳಿ ಕೂತ ಜಾಗ ಮಾತ್ರ. ನಾನು ವಾಪಸ್ ಕಳಿಸಿದ ಫೈಲಿನಲ್ಲೂ ಹೀಗೇ ಆಗಿತ್ತು.

94,000 ಅಂದರೆ 40 ಲಕ್ಷದ ಮುಂದೆ ಏನೂ ಅಲ್ಲ ಅಂತ ಯಾರೋ ಹಿಂದಿನಿಂದ ಅಂದರು. ಸರಿಯಾದ ಮಾತು. ಕ್ವಿಂಟಲ್‌ಗೆ 150 ಬದಲು 145 ಸಿಕ್ಕರೆ ಅದೂ ಹೋಗುತ್ತದೆ. ಲೆಕ್ಕ ಹಾಕಿ ನೋಡಿ: 5 ರೂಪಾಯಿ ಕಡಿಮೆ ಅಂದರೆ ವರ್ಷಕ್ಕೆ 50,000, ತೆರಿಗೆ ಕಳೆದು 35,000, ಐದು ವರ್ಷದ್ದು ಇವತ್ತಿನ ಬೆಲೆಗೆ ಸುಮಾರು 1.26 ಲಕ್ಷ. ಹಾಗಾಗಿ ಮಷೀನು ತಂದೇ ತರಬೇಕು ಅಂತ ನಾನು ಹೇಳ್ತಾ ಇಲ್ಲ. ನಿಜವಾದ ಅನುಮಾನ ರೇಟಿನ ಬಗ್ಗೆ ಇರಬೇಕು. ಗೊತ್ತೇ ಇರುವ ತೆರಿಗೆ ಉಳಿತಾಯವನ್ನು ಮರೆತು ಬೇಡ ಅನ್ನೋದು ಬೇರೆ, ರೇಟು ಸಿಗಲಿಕ್ಕಿಲ್ಲ ಅಂತ ಬೇಡ ಅನ್ನೋದು ಬೇರೆ.

ಇನ್ನು ನನ್ನ ಪ್ರಕಾರ ಇವತ್ತಿನ ಮುಖ್ಯ ಮಾತಿಗೆ ಬರುತ್ತೇನೆ. ಯಾವ ಸವಕಳಿ?

ಸವಕಳಿ ಎರಡು ಇವೆ. ನಿಮ್ಮ ಲೆಕ್ಕದ ಪುಸ್ತಕದಲ್ಲಿ ಬರೆಯೋದು ಒಂದು, ತೆರಿಗೆಗೆ ಒಪ್ಪೋದು ಇನ್ನೊಂದು. ಪುಸ್ತಕದಲ್ಲಿ "ಐದು ವರ್ಷದ ಮಷೀನು, 40 ಭಾಗಿಸು 5, ವರ್ಷಕ್ಕೆ 8 ಲಕ್ಷ" ಅಂತ ಸಮನಾಗಿ ಹಂಚಬಹುದು. ಬ್ಯಾಂಕಿಗೆ ಕೊಡುವ ರಿಪೋರ್ಟಿನಲ್ಲಿ ಬಹಳ ಸಲ ಇದೇ ಇರುತ್ತದೆ, ಸಾಲಿನಿಂದ ಸಾಲಿಗೆ ಒಂದೇ ಅಂಕಿ, ನೋಡೋಕೆ ಚೆಂದ. ಆದರೆ ತೆರಿಗೆ ಉಳಿಸೋದು ಆ 8 ಲಕ್ಷ ಅಲ್ಲ. ತೆರಿಗೆ ಉಳಿಸೋದು ತೆರಿಗೆ ಕಾನೂನಿನ 6 ಲಕ್ಷ, 5.10 ಲಕ್ಷ, 4.33 ಲಕ್ಷ. 8 ಲಕ್ಷ ಹಿಡಿದರೆ ವರ್ಷಕ್ಕೆ 2.40 ಲಕ್ಷ ಉಳಿತಾಯ ಅಂತ ಬರುತ್ತದೆ, ಐದು ವರ್ಷದ್ದು ಇವತ್ತಿನ ಬೆಲೆಗೆ 8.65 ಲಕ್ಷ. ಸರಿಯಾದದ್ದು 4.99. ಅಂದರೆ 3.66 ಲಕ್ಷ ಗಾಳಿಯಲ್ಲಿ ಹುಟ್ಟಿತು! ಮೊದಲೆರಡು ತಪ್ಪು ಒಳ್ಳೆ ಮಷೀನನ್ನು ಕೆಟ್ಟದ್ದು ಅಂತ ತೋರಿಸುತ್ತವೆ, ಇದು ಉಲ್ಟಾ, ಗಿಟ್ಟದ್ದನ್ನು ಗಿಟ್ಟುತ್ತದೆ ಅಂತ ತೋರಿಸುತ್ತದೆ. ಸಾಲ ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಇದೇ ಜಾಸ್ತಿ ಅಪಾಯ.

ಕಂಡುಹಿಡಿಯೋದು ಕಷ್ಟ ಇಲ್ಲ. ರಿಪೋರ್ಟಿನಲ್ಲಿ ಮಷೀನರಿಯ ಸವಕಳಿ ವರ್ಷವರ್ಷ ಇಳಿಯದೆ ಒಂದೇ ಸಮ ಇದ್ದು, ತೆರಿಗೆಯೂ ಅದರ ಮೇಲೆಯೇ ಲೆಕ್ಕ ಹಾಕಿದ್ದರೆ ಅಲ್ಲೇ ಪೆನ್ಸಿಲ್ ಇಡಿ.

ಇದೇ ಎಳೆಯಲ್ಲಿ ಮಾರಾಟದ ವಿಷಯವೂ ಬರುತ್ತದೆ. ಐದು ವರ್ಷದ ಮೇಲೂ ತೆರಿಗೆ ಲೆಕ್ಕದಲ್ಲಿ ಮಷೀನಿನ ಬಾಕಿ 17.75 ಲಕ್ಷ ಉಳಿದಿರುತ್ತದೆ. ಆರನೇ ವರ್ಷ ಶುರುವಾದ ಕೂಡಲೇ 10 ಲಕ್ಷಕ್ಕೆ ಮಾರಿದರು ಅಂದುಕೊಳ್ಳಿ. ಬೇರೆ ದೇಶದ ಪಠ್ಯಪುಸ್ತಕ ಓದಿದ ಹುಡುಗರು ಕೂಡಲೇ ಹೇಳುತ್ತಾರೆ: "ಸರ್, 7.75 ಲಕ್ಷ ನಷ್ಟ, ಅದರ 30 ಪರ್ಸೆಂಟ್ 2.32 ಲಕ್ಷ ತೆರಿಗೆ ಅಲ್ಲೇ ಉಳೀತು." ನಮ್ಮಲ್ಲಿ ಹಾಗೆ ನಡೆಯಲ್ಲ. ನಮ್ಮಲ್ಲಿ ಒಂದೊಂದು ಮಷೀನಿಗೆ ಬೇರೆ ಬೇರೆ ಲೆಕ್ಕ ಇಲ್ಲ, 15 ಪರ್ಸೆಂಟಿನ ಮಷೀನೆಲ್ಲ ಸೇರಿ ಒಂದೇ ಗುಂಪು, ಅದಕ್ಕೆ ಬ್ಲಾಕ್ ಅನ್ನುತ್ತಾರೆ. ಮಾರಿದ 10 ಲಕ್ಷವನ್ನು ಆ ಬ್ಲಾಕಿನ ಬಾಕಿಯಿಂದ ಕಳೆಯುತ್ತಾರೆ. ಉಳಿದ 7.75 ಲಕ್ಷ ಮಿಲ್ಲಿನ ಇತರ ಮಷೀನುಗಳ ಜೊತೆ ಬ್ಲಾಕಿನಲ್ಲೇ ಇರುತ್ತದೆ, ಪ್ರತಿ ವರ್ಷ 15 ಪರ್ಸೆಂಟ್ ಕರಗುತ್ತಾ ಹೋಗುತ್ತದೆ. ಸಾರ್ಟರ್ ಬೇರೆ ಊರಿಗೆ ಹೋದ ಮೇಲೂ ಅದರ ನೆರಳು ನಿಮಗೆ ತೆರಿಗೆ ಉಳಿಸುತ್ತಾ ಇರುತ್ತದೆ, ಹನಿ ಹನಿಯಾಗಿ.

ಆ ಹನಿಗಳನ್ನೆಲ್ಲ ಒಟ್ಟಿಗೆ ಬೆಲೆ ಕಟ್ಟೋಕೆ ಒಂದು ಸುಲಭ ಸೂತ್ರ ಇದೆ. ಬಾಕಿಯನ್ನು ತೆರಿಗೆ ದರದಿಂದ ಗುಣಿಸಿ, ಆಮೇಲೆ ಸವಕಳಿ ದರವನ್ನು (ಸವಕಳಿ ದರ ಕೂಡಿಸು ನಿಮ್ಮ 12 ಪರ್ಸೆಂಟ್) ಇದರಿಂದ ಭಾಗಿಸಿ ಬಂದದ್ದರಿಂದ ಗುಣಿಸಿ:

```
7.75 * 0.30 * 0.15 / (0.15 + 0.12) = 1.29
```

ಇದು ಐದನೇ ವರ್ಷದ ಕೊನೆಯ ಬೆಲೆ, ಲಕ್ಷದಲ್ಲಿ. ಇವತ್ತಿಗೆ ಇಳಿಸಿದರೆ ಸುಮಾರು 73,000 ರೂಪಾಯಿ. 94,000ಕ್ಕೆ ಇದನ್ನು ಸೇರಿಸಿದರೆ 1.67 ಲಕ್ಷ. ಆಗಿನ 5 ರೂಪಾಯಿ ರೇಟು ಇಳಿದರೂ ಈಗ ತಡೆದುಕೊಳ್ಳುತ್ತದೆ ನೋಡಿ. ಒಂದು ಮಾತು ಮಾತ್ರ ನೆನಪಿರಲಿ: ಇದೆಲ್ಲ ಬ್ಲಾಕಿನಲ್ಲಿ ಬೇರೆ ಮಷೀನು ಉಳಿದಿದ್ದರೆ. ಮಿಲ್ಲೇ ಮುಚ್ಚಿ ಎಲ್ಲ ಮಾರಿದರೆ ಬ್ಲಾಕ್ ಖಾಲಿಯಾಗುತ್ತದೆ, ಆಗ ಉಳಿದ ಬಾಕಿ ಅಲ್ಪಾವಧಿ ಬಂಡವಾಳ ನಷ್ಟ ಆಗುತ್ತದೆ, ಅದನ್ನು ವ್ಯಾಪಾರದ ಲಾಭದಲ್ಲಿ ಕಳೆಯೋಕೆ ಬರಲ್ಲ, ಬಂಡವಾಳ ಲಾಭ ಬಂದರೆ ಅದರಲ್ಲಿ ಮಾತ್ರ.

ಇಲ್ಲಿಗೆ ಚಹಾ ಬಂತು. ಚಹಾ ಕುಡಿಯುತ್ತಲೇ ಪ್ರಶ್ನೆ ಶುರುವಾದವು. ನೆನಪಿದ್ದಷ್ಟು ಬರೆಯುತ್ತೇನೆ.

ಒಬ್ಬ ಹಿರಿಯರು ಕೇಳಿದರು: "ನಮ್ ಸುಗ್ಗಿ ಡಿಸೆಂಬರ್ ಜನವರಿಗಿ ಬರ್ತದರೀ. ಆಗ ಮಷೀನ್ ತಂದ್ರ ಅರ್ಧ ಸವಕಳಿನೇ ಕೊಡ್ತಾರಂತಲ್ಲ?" ಹೌದು. ಆರ್ಥಿಕ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ ಹೊಸ ಮಷೀನಿಗೆ ಆ ವರ್ಷ ಅರ್ಧ ದರ, 15ರ ಬದಲು 7.5. ಹಿಂದಕ್ಕೆ ಎಣಿಸಿದರೆ ಅಕ್ಟೋಬರ್ ಮೊದಲ ವಾರಕ್ಕೇ ಗಡಿ ಮುಗಿಯುತ್ತದೆ. ತೊಗರಿ ಗಂಜ್ ಮಾರುಕಟ್ಟೆಗೆ ಬರೋದು ಅದಾದ ಮೇಲೆಯೇ. ನಮ್ಮವರು ಇದಕ್ಕೆ ಜಾಸ್ತಿ ಹೆದರುತ್ತಾರೆ, "ಮೂರು ಲಕ್ಷ ಹೋಯ್ತು" ಅಂತ. ಎಲ್ಲಿಗೂ ಹೋಗಿಲ್ಲ, ಬಾಕಿಯಲ್ಲೇ ಇದೆ, ಮುಂದಿನ ವರ್ಷ 37 ಲಕ್ಷದ ಮೇಲೆ 15 ಪರ್ಸೆಂಟ್ ಸಿಗುತ್ತದೆ. ಇನ್ನೊಂದು ರೀತಿ ನೋಡಿದರೆ, ಜನವರಿಯಲ್ಲಿ ಓಡಿಸಿದ ಮಷೀನಿಗೆ ಮಾರ್ಚ್ 31ಕ್ಕೇ ಆರು ತಿಂಗಳ ಸವಕಳಿ ಸಿಕ್ಕಿತು, ಬಳಸಿದ್ದು ಮೂರೇ ತಿಂಗಳು! ಅದೇ ಮಷೀನನ್ನು ಏಪ್ರಿಲ್‌ಗೆ ಮುಂದೂಡಿದರೆ ಪೂರ್ತಿ ಸವಕಳಿ ಸಿಗುತ್ತದೆ ನಿಜ, ಆದರೆ ಸುಗ್ಗಿ ಕೈಬಿಟ್ಟು ಹೋಗುತ್ತದೆ. ಸುಗ್ಗಿಯ ಆದಾಯದ ಮುಂದೆ ಅರ್ಧ ಸವಕಳಿಯ ವ್ಯತ್ಯಾಸ ಬಹಳ ಸಣ್ಣದು. ಲೆಕ್ಕದಲ್ಲಿ ಮಾತ್ರ ಮೊದಲ ಸಾಲಿಗೆ 1.80 ಲಕ್ಷದ ಬದಲು 90,000 ಬರೆಯಿರಿ. ಮತ್ತೆ, ಮಷೀನು ಗೋದಾಮಿಗೆ ಬಂದು ಪ್ಯಾಕಿಂಗಿನಲ್ಲೇ ಕೂತಿದ್ದರೆ ಆಗಲ್ಲ, ಬಳಕೆಗೆ ಬಂದಿರಬೇಕು. ಮಾರ್ಚ್ ಕೊನೆಯಲ್ಲಿ ತಂದವರು ಮಷೀನು ಓಡಿದ ಪುರಾವೆ, ಉತ್ಪಾದನೆ ರಿಜಿಸ್ಟರ್, ಕರೆಂಟ್ ರೀಡಿಂಗು ಜೋಪಾನವಾಗಿ ಇಟ್ಟುಕೊಳ್ಳಿ.

ಇನ್ನೊಬ್ಬರು, ಆಳಂದ ಕಡೆಯವರು: "ನೆಟೆ ರೋಗ ಬಂದು ತೊಗರಿನೇ ಇಲ್ಲದ ವರ್ಷ ಮಿಲ್ಲಿಗೆ ಲಾಭನೇ ಇರಲ್ಲ. ತೆರಿಗೆನೇ ಇಲ್ಲ ಅಂದ್ರ ಉಳಿಯೋದೇನು?" ಬಹಳ ಒಳ್ಳೆ ಪ್ರಶ್ನೆ, ಮತ್ತು ಇಲ್ಲಿ ಪಳಗಿದವರೂ ಎಡವುತ್ತಾರೆ. ತೆರಿಗೆ ಇಲ್ಲದ ವರ್ಷ ಶೀಲ್ಡೂ ಇಲ್ಲ, ಸರಿ. ಕಳೆಯೋಕೆ ಆಗದೆ ಉಳಿದ ಸವಕಳಿಯನ್ನು ಮುಂದಕ್ಕೆ ಒಯ್ಯಬಹುದು, ಅದಕ್ಕೆ ವರ್ಷದ ಮಿತಿ ಇಲ್ಲ. ಆದರೆ ಜನ ಏನು ಮಾಡುತ್ತಾರೆ ಅಂದರೆ, ಶೀಲ್ಡನ್ನು ಮಾತ್ರ ಮುಂದೂಡಿ, ಮಷೀನಿನ 12 ಲಕ್ಷಕ್ಕೆ ಅದೇ ವರ್ಷ 3.60 ಲಕ್ಷ ತೆರಿಗೆ ಕಳೆದುಬಿಡುತ್ತಾರೆ. ಮಿಲ್ಲು ಒಟ್ಟಾರೆ ನಷ್ಟದಲ್ಲಿದ್ದರೆ ಆ 12 ಲಕ್ಷಕ್ಕೂ ಆ ವರ್ಷ ತೆರಿಗೆ ಬೀಳಲ್ಲ ಅಲ್ವಾ? ಅದು ನಷ್ಟವನ್ನು ಅಷ್ಟು ಕಡಿಮೆ ಮಾಡುತ್ತದೆ, ತೆರಿಗೆಯ ಪರಿಣಾಮ ಮುಂದೆ ಬರುತ್ತದೆ. ಮುಂದೂಡಿದರೆ ಎರಡನ್ನೂ ಮುಂದೂಡಿ. ಗೊಂದಲ ಬೇಡ ಅಂದರೆ ಒಂದೇ ದಾರಿ: ಮಷೀನು ಇಲ್ಲದ ಮಿಲ್ಲಿನ ತೆರಿಗೆ ವರ್ಷವರ್ಷ ಬರೆಯಿರಿ, ಮಷೀನು ಇರುವ ಮಿಲ್ಲಿನ ತೆರಿಗೆ ಪಕ್ಕದಲ್ಲಿ ಬರೆಯಿರಿ. ಎರಡರ ವ್ಯತ್ಯಾಸವೇ ಈ ಮಷೀನಿನ ತೆರಿಗೆ. ಸೂತ್ರ ಗೀತ್ರ ಏನೂ ಬೇಡ.

ಅವರೇ ಮುಂದುವರಿದು, "ಹಂಗಾದ್ರ ನಷ್ಟದ ವರ್ಷ ಸವಕಳಿ ಕ್ಲೇಮೇ ಮಾಡದಂಗ ಉಳಿಸಿಟ್ಕೊಂಡ್ರ?" ಅಂದರು. ಆಗಲ್ಲ. ನೀವು ಕೇಳಿ, ಬಿಡಿ, ತೆರಿಗೆ ಲೆಕ್ಕದಲ್ಲಿ ಅದನ್ನು ಕೊಟ್ಟಾಯಿತು ಅಂತಲೇ ಹಿಡಿಯುತ್ತಾರೆ.

ಯಾದಗಿರಿ ಜಿಲ್ಲೆಯ ಶಹಾಪುರದಿಂದ ಬಂದಿದ್ದ ಒಬ್ಬ ಹುಡುಗ ಎದ್ದ. ಅವನದು ಸಣ್ಣ ಹಿಟ್ಟಿನ ಗಿರಣಿ, ಜೊತೆಗೆ ಖಾರ ಕುಟ್ಟುವ ಮಷೀನು. ವಹಿವಾಟಿನ ಮೇಲೆ ಇಂತಿಷ್ಟು ಪರ್ಸೆಂಟ್ ಲಾಭ ಅಂತ ಅಂದಾಜಿನ ಮೇಲೆ ತೆರಿಗೆ ಕಟ್ಟುತ್ತಾನಂತೆ, ನಗದಿಗೆ 8, ಬ್ಯಾಂಕಿನ ಮೂಲಕ ಬಂದದ್ದಕ್ಕೆ 6. ಹೊಸ ಪಲ್ವರೈಸರ್ ತರಬೇಕು ಅಂತ ಯಾರೋ ಅವನಿಗೆ ಲೆಕ್ಕ ಮಾಡಿಕೊಟ್ಟಿದ್ದರು, ಅದರಲ್ಲಿ ಸವಕಳಿಯ ತೆರಿಗೆ ಉಳಿತಾಯವನ್ನೂ ಸೇರಿಸಿದ್ದರು. ಅವನಿಗೆ ಆ ಸಾಲನ್ನೇ ಹೊಡೆದು ಹಾಕಲು ಹೇಳಿದೆ. ಅಂದಾಜಿನ ಯೋಜನೆಯಲ್ಲಿ ಸವಕಳಿ ಆ 6 ಅಥವಾ 8 ಪರ್ಸೆಂಟಿನೊಳಗೇ ಸೇರಿದೆ ಅಂತ ಕಾನೂನು ಹಿಡಿಯುತ್ತದೆ. ಮಷೀನು ತಂದರೂ ತೆರಿಗೆ ಒಂದು ರೂಪಾಯಿ ಇಳಿಯಲ್ಲ, ಬಾಕಿ ಮಾತ್ರ ವರ್ಷವರ್ಷ ಕರಗುತ್ತಾ ಹೋಗುತ್ತದೆ. ಅವನ ಲೆಕ್ಕದಲ್ಲಿ ತೆರಿಗೆ ಅನ್ನೋದು ಹೆಚ್ಚಿದ ವಹಿವಾಟಿನ ಮೇಲಿನ 6 ಅಥವಾ 8 ಪರ್ಸೆಂಟ್ ಲಾಭಕ್ಕೆ ಮಾತ್ರ. ಪಾಪ, ಸಪ್ಪಗಾದ. ಆದರೆ ಆಮೇಲೆ ಕೂತು ಲೆಕ್ಕ ಹಾಕಿದಾಗ ಶೀಲ್ಡ್ ಇಲ್ಲದೆಯೂ ಅವನ ಮಷೀನು ಗಿಟ್ಟುತ್ತಿತ್ತು, ಖಾರದ ಸೀಸನ್ನಿನಲ್ಲಿ ಸಾಲು ನಿಲ್ಲುತ್ತಾರಂತೆ.

ಸಬ್ಸಿಡಿ ಬಗ್ಗೆಯೂ ಬಂತು. ಸಣ್ಣ ಆಹಾರ ಸಂಸ್ಕರಣೆ ಘಟಕಗಳಿಗೆ ಕೇಂದ್ರದ ಯೋಜನೆಯಲ್ಲಿ ಯೋಜನಾ ವೆಚ್ಚದ 35 ಪರ್ಸೆಂಟ್, ಹೆಚ್ಚೆಂದರೆ 10 ಲಕ್ಷ ಅಂತ ಇಟ್ಟಿದ್ದರಲ್ಲ, ಅಂಥದ್ದು ಬಂದರೆ ಲೆಕ್ಕ ಹೇಗೆ? ಮಷೀನಿಗಾಗಿ ಬಂದ ಸಬ್ಸಿಡಿ ಮಷೀನಿನ ಬೆಲೆಯಿಂದ ಕಳೆಯುತ್ತದೆ. 40 ಲಕ್ಷದ ಮಷೀನಿಗೆ 10 ಲಕ್ಷ ಬಂದರೆ ಸವಕಳಿ 30 ಲಕ್ಷದ ಮೇಲೆ. ನಮ್ಮ 4.99 ಲಕ್ಷ 3.74 ಆಗುತ್ತದೆ. 10 ಲಕ್ಷ ಕೈಗೆ ಬಂತು, 1.25 ಲಕ್ಷದ ಶೀಲ್ಡ್ ಹೋಯಿತು, ಯಾರೂ ಬೇಡ ಅನ್ನಲ್ಲ. ಆದರೆ ಸಬ್ಸಿಡಿಯನ್ನೂ ಸೇರಿಸಿ 40 ಲಕ್ಷದ ಮೇಲೆ ಸವಕಳಿಯನ್ನೂ ಬರೆದರೆ ತಪ್ಪು. ಜಿಎಸ್‌ಟಿಗೂ ಇದೇ ತರ್ಕ. ಕ್ರೆಡಿಟ್ ತೆಗೆದುಕೊಂಡ ಜಿಎಸ್‌ಟಿಯ ಮೇಲೆ ಸವಕಳಿ ಇಲ್ಲ.

ಕೊನೆಗೆ ಎದ್ದವರು ಇಡೀ ಸಭೆಯಲ್ಲಿ ಸುಮ್ಮನೆ ಕೂತಿದ್ದ ಒಬ್ಬರು. ಬಾಗಿಲ ಹತ್ತಿರ ನನ್ನನ್ನು ನಿಲ್ಲಿಸಿ ಮೆಲ್ಲಗೆ ಕೇಳಿದರು: "ಸರ್, ಫೌಂಡೇಶನ್ನು, ಫಿಟ್ಟಿಂಗು, ಫ್ಯಾಬ್ರಿಕೇಶನ್ ಅಂತ ಒಂದ್ ನಾಕು ಲಕ್ಷ ನಗದೇ ಕೊಟ್ಟೀವ್ರಿ. ಬಿಲ್ ಅದಾವ. ನಡೀತದಲ್ರಿ?"

ನಡೆಯಲ್ಲ. ಆಸ್ತಿ ಕೊಳ್ಳೋಕೆ ಒಬ್ಬರಿಗೆ ಒಂದು ದಿನದಲ್ಲಿ 10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚನ್ನು ಆಸ್ತಿಯ ಬೆಲೆಯಲ್ಲಿ ಲೆಕ್ಕಕ್ಕೇ ಹಿಡಿಯಲ್ಲ. ಬಿಲ್ ಇದ್ದರೂ ಅಷ್ಟೇ. ಅವರ 40 ಲಕ್ಷದ ಮಷೀನು ತೆರಿಗೆಯ ಕಣ್ಣಲ್ಲಿ 36 ಲಕ್ಷದ್ದು. ಐದು ವರ್ಷದ ಉಳಿತಾಯದಲ್ಲಿ ಹತ್ತರಲ್ಲಿ ಒಂದು ಭಾಗ, ಇವತ್ತಿನ ಬೆಲೆಗೆ ಸುಮಾರು 50,000, ಹೋಯಿತು. ಅಂದರೆ ನಮ್ಮ 94,000ದಲ್ಲಿ ಅರ್ಧಕ್ಕಿಂತ ಜಾಸ್ತಿ. "ಇನ್ನೂ ಎಷ್ಟು ಕೊಡೋದು ಬಾಕಿ ಅದ?" ಅಂತ ಕೇಳಿದೆ. ಕಂಪ್ರೆಸರ್‌ನವನಿಗೆ ಎರಡು ಲಕ್ಷ ಕೊಡಬೇಕಂತೆ. ಅದನ್ನಾದರೂ ಬ್ಯಾಂಕಿನ ಮೂಲಕ ಹಾಕ್ರಿ ಅಂದೆ. ಅಲ್ಲೇ ನಿಂತು ಮಗನಿಗೆ ಫೋನ್ ಹಚ್ಚಿದರು.